ಕಂಡುಬಂದಿದ್ದು, ತಿದ್ದಿಕೊಳ್ಳತಕ್ಕದ್ದು

ನನ್ನ ಕನ್ನಡ ಚೆನ್ನಾಗಿದೆ ಎಂಬ ಹಮ್ಮು ನನಗೆ ಮೊದಲಿನಿಂದಲೂ ಇತ್ತು. ಕನ್ನಡದಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗದೆ, ಕಣ್ಣಾಸ್ಪತ್ರೆಯೊಂದರಲ್ಲಿ ಮೇಲ್ವಿಚಾರಕಿಯಾಗಿ ಸೇರಿದವಳು ನಾನು. ನಮ್ಮ ದೊಡ್ಡ ಆಸ್ಪತ್ರೆ ವಿಜಯಪುರದಲ್ಲಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಅದರ ಸಣ್ಣ ಸಣ್ಣ ತಪಾಸಣಾ ಕೇಂದ್ರಗಳಿವೆ. ಒಂದು ಕೋಣೆಯಲ್ಲಿ ಕಣ್ಣು ಪರೀಕ್ಷೆ, ಹೊರಗೆ ಉದ್ದದ ಬೆಂಚು, ಬೆಂಚಿನ ತುಂಬ ಟವೆಲು ಹೊದ್ದ ಅಜ್ಜಂದಿರು, ಸೆರಗು ಹೊದ್ದ ಅಜ್ಜಿಯರು. ಪೊರೆ ಬಂದವರನ್ನು ಗುರುತಿಸಿ, ವಾರಕ್ಕೊಮ್ಮೆ ಬರುವ ಆಸ್ಪತ್ರೆಯ ಗಾಡಿಯಲ್ಲಿ ಆಪರೇಷನ್ನಿಗೆ ಕಳಿಸುವುದು, ಆಮೇಲೆ ಅವರು ಹೇಳಿದ ದಿನ ಮರಳಿ ಬಂದು ತೋರಿಸಿಕೊಳ್ಳುವಂತೆ ನೋಡಿಕೊಳ್ಳುವುದು ಕೇಂದ್ರಗಳ ಕೆಲಸ. ನನ್ನ ಮನೆ ಬಾಗೇವಾಡಿಯಲ್ಲಿ. ಉಳಿದ ಮೂರು ಊರಿಗೆ ಸರದಿಯ ಮೇಲೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ.

ಇಂಡಿಯ ಕೇಂದ್ರದಲ್ಲಿ ಕಣ್ಣು ಪರೀಕ್ಷೆ ಮಾಡುವಾಕೆ ಹತ್ತಿರದ ಹೊರ್ತಿ ಊರಿನ ಸೊಸೆ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಓದಿ, ತರಬೇತಿ ಮುಗಿಸಿ ಬಂದವಳು. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ನಾನು ಆಕೆಗೆ 'ಯವ್ವಾ' ಎನ್ನುತ್ತಿದ್ದೆ, ಆಕೆ ನನಗೆ 'ಅಕ್ಕಾರ' ಎನ್ನುತ್ತಿದ್ದಳು. ನಾನು ಹೋದ ದಿನ ಮಧ್ಯಾಹ್ನ ಬೆಂಚು ಖಾಲಿಯಾದ ಮೇಲೆ ಆಕೆ ಡಬ್ಬಿ ಬಿಚ್ಚುತ್ತಿದ್ದಳು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಪಲ್ಯ, ಉಳ್ಳಾಗಡ್ಡಿ. ಡಬ್ಬಿ ಒಯ್ಯುವ ಅಭ್ಯಾಸವನ್ನೇ ನಾನು ಬಿಟ್ಟಿದ್ದೆ.

ಆಕೆಯ ಗಂಟಲು ಮಾತ್ರ ದೊಡ್ಡದು. ರೋಗಿಗಳನ್ನು ಗದರುತ್ತಿದ್ದಳು. ಹನಿ ಹಾಕಿಕೊಳ್ಳದೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಅಜ್ಜನಿಗೆ, ಚಷ್ಮಾ ಮನೆಯಲ್ಲಿಟ್ಟು ಬಂದ ಗೌಡರಿಗೆ, ಎಲ್ಲರಿಗೂ ಒಂದೇ ದನಿ. ಬಹಳ ಜನ ಅದಕ್ಕೆ ನಗುತ್ತಿದ್ದರು. ಆದರೆ ಒಮ್ಮೆ, ಆಪರೇಷನ್ ಆದ ಮೇಲೆ ಹೇಳಿದ ದಿನ ಬಾರದೆ ತಡವಾಗಿ ಬಂದ ಅಜ್ಜಿಯೊಬ್ಬಳನ್ನು ಇಡೀ ಬೆಂಚಿನ ಎದುರು ತರಾಟೆಗೆ ತೆಗೆದುಕೊಂಡಳು. ಆ ಅಜ್ಜಿ ಕಣ್ಣು ತೋರಿಸದೆ ಎದ್ದು ಹೋದಳು, ಮತ್ತೆ ಬರಲಿಲ್ಲ. ಅವಳ ಮಗ ನನಗೆ ಫೋನು ಮಾಡಿ, ನಮ್ಮವ್ವ ಇನ್ನು ಆ ಕಟ್ಟಿ ಹತ್ತೂದಿಲ್ಲ ಎಂದ. ಮಂದಿ ಎದುರು ಗದರಬೇಡ ಎಂದು ಆಕೆಗೆ ಹೇಳಬೇಕು ಎಂದುಕೊಂಡೆ. ಮುಂದಿನ ಸಲ ಇಂಡಿಗೆ ಹೋದೆ, ರೊಟ್ಟಿ ತಿಂದೆ, ಹೇಳಲಿಲ್ಲ. ಅದರ ಮುಂದಿನ ಸಲವೂ ಅಷ್ಟೇ. ತಿನ್ನುವ ಹೊತ್ತಿನಲ್ಲಿ ಎಂಥ ಮಾತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಆ ವರ್ಷ ಆಸ್ಪತ್ರೆಯ ದೊಡ್ಡ ಡಾಕ್ಟರು ಒಂದು ಬದಲಾವಣೆ ತಂದರು. ಸಿಬ್ಬಂದಿಯ ವಾರ್ಷಿಕ ಮೌಲ್ಯಮಾಪನದ ಹಾಳೆಯಲ್ಲಿ ನಾವು ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಗುಡ್, ಆ್ಯವರೇಜ್ ಎಂದು ಗೀಚಿ ಮುಗಿಸುತ್ತಿದ್ದೆವು. ಇನ್ನು ಮುಂದೆ ಕನ್ನಡದಲ್ಲೇ ಬರೆಯಬೇಕು. ಯಾರ ಬಗ್ಗೆ ಬರೆದಿದ್ದೇವೋ ಅವರು ಓದಿ, ಅವರ ಕಾಲಮಿನಲ್ಲಿ ಏನಾದರೂ ಹೇಳುವುದಿದ್ದರೆ ಬರೆದು, ಸಹಿ ಮಾಡಬೇಕು. ಸಹಿ ಇಲ್ಲದ ಹಾಳೆ ಸಮಿತಿಯ ಮುಂದೆ ಹೋಗುವುದಿಲ್ಲ ಎಂದರು. ಕೆಲಸ ಮುಂದಿನ ವರ್ಷಕ್ಕೆ ನವೀಕರಣ ಆಗುವುದು ಆ ಸಮಿತಿಯಿಂದ. ಹಾಳೆ ಕೊಡುವ ಮೊದಲು ಎದುರು ಕೂಡಿಸಿಕೊಂಡು ಮಾತಾಡಿ ಎಂದೂ ಅವರು ಹೇಳಿದ್ದರು. ಅದನ್ನು ನಾನು ಕೇಳಿಸಿಕೊಂಡಿದ್ದೆ.

ಮೀಟಿಂಗಿನಲ್ಲಿ ಉಳಿದ ಮೇಲ್ವಿಚಾರಕರು ತಲೆ ಕೆರೆದುಕೊಂಡರು. ಇಂಗ್ಲಿಷಿನಲ್ಲಾದರೆ ಹೇಗೋ ನಡೆದುಹೋಗುತ್ತದೆ, ಕನ್ನಡದಲ್ಲಿ ಬರೆದರೆ ಒಂದೋ ಬೈದಂತಾಗುತ್ತದೆ, ಇಲ್ಲವೇ ಸನ್ಮಾನ ಪತ್ರದಂತಾಗುತ್ತದೆ ಎಂದು ಅವರ ತಕರಾರು. ಡಾಕ್ಟರು ನನ್ನ ಕಡೆ ನೋಡಿ, ನೀವು ಒಂದಿಷ್ಟು ಮಾದರಿ ವಾಕ್ಯ ಬರೆದುಕೊಡ್ರಿ, ಎಲ್ಲರೂ ಅದನ್ನೇ ಬಳಸಲಿ ಎಂದರು. ನಾನು ಹಿಗ್ಗಿಹೋದೆ. ಒಂದು ರವಿವಾರ ಪೂರ್ತಿ ಕೂತು ಬರೆದೆ. 'ಸದರಿಯವರ ಕಾರ್ಯವೈಖರಿ ತೃಪ್ತಿಕರವಾಗಿರುತ್ತದೆ.' 'ಸಮಯಪಾಲನೆಯಲ್ಲಿ ಲೋಪ ಕಂಡುಬಂದಿದ್ದು, ಸರಿಪಡಿಸಿಕೊಳ್ಳತಕ್ಕದ್ದು.' ಬರೆದು ಗಟ್ಟಿಯಾಗಿ ಓದಿ ನೋಡಿದೆ. ಗಂಭೀರವಾಗಿ ಕೇಳಿಸಿತು. ವಾಟ್ಸಾಪ್ ಗುಂಪಿಗೆ ಹಾಕಿದ ಕೂಡಲೇ ಹೆಬ್ಬೆರಳುಗಳ ಸಾಲು ಬಂತು, ನಾನು ಅವನ್ನು ಎರಡೆರಡು ಸಲ ನೋಡಿ ಖುಷಿಪಟ್ಟೆ.

ಇಂಡಿಯ ಹಾಳೆ ಬರೆಯುವಾಗ ಆ ಅಜ್ಜಿಯ ಮಗನ ಫೋನು ನೆನಪಾಯಿತು. ಬಾಯಲ್ಲಿ ಹೇಳಲಾರದ್ದನ್ನು ಬರೆಯುವುದು ಎಷ್ಟು ಸಲೀಸು. 'ಸದರಿಯವರು ರೋಗಿಗಳೊಡನೆ ಸಂಯಮರಹಿತವಾಗಿ ವರ್ತಿಸುತ್ತಿರುವುದು ಕಂಡುಬಂದಿದ್ದು, ತಮ್ಮ ನಡವಳಿಕೆಯನ್ನು ಕೂಡಲೇ ತಿದ್ದಿಕೊಳ್ಳತಕ್ಕದ್ದು.' ಬರೆದು ಮುಗಿಸಿದಾಗ ನನಗೆ ಹಗುರಾಯಿತು. ನಾನು ಬೈದಿಲ್ಲ, ಕಂಡುಬಂದಿದೆ, ಅಷ್ಟೇ. ಯಾರಿಗೆ ಕಂಡುಬಂದಿದೆ ಎಂದು ಆ ವಾಕ್ಯ ಹೇಳುವುದಿಲ್ಲ. ಮೂರೂ ಊರಿನ ಹಾಳೆಗಳನ್ನು ಲಕೋಟೆಗೆ ಹಾಕಿ ಆಸ್ಪತ್ರೆಯ ಗಾಡಿಯಲ್ಲಿ ಕಳಿಸಿಬಿಟ್ಟೆ. ಎದುರು ಕೂತು ಮಾತಾಡುವುದು ತಪ್ಪಿತು ಎಂದು ಸಮಾಧಾನಪಟ್ಟೆ ಎಂಬುದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಸಿಂದಗಿಯವರು ಓದದೆಯೇ ಸಹಿ ಮಾಡಿ ಕಳಿಸಿದರು. ಮುದ್ದೇಬಿಹಾಳದಾತ ಫೋನು ಮಾಡಿ, "ತೃಪ್ತಿಕರ ಅಂದ್ರ ಪಾಸೋ ನಪಾಸೋ ಅಕ್ಕಾರ?" ಎಂದು ಕೇಳಿದ. ನಾನು ನಕ್ಕೆ. ಆ ಪ್ರಶ್ನೆಗೆ ನಗಬಾರದಿತ್ತು, ಅಲ್ಲೇ ನಿಂತು ಯೋಚಿಸಬೇಕಿತ್ತು. ಇಂಡಿಯಿಂದ ಹಾಳೆಯೂ ಬರಲಿಲ್ಲ, ಫೋನೂ ಬರಲಿಲ್ಲ.

ಸರದಿಯಂತೆ ಇಂಡಿಗೆ ಹೋದ ದಿನ ಮೆಟ್ಟಿಲಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ದನಿಯೇ ಇಲ್ಲ. ಬಸ್ ನಿಲ್ದಾಣದ ತಿರುವಿನ ತನಕ ಕೇಳಿಸುತ್ತಿದ್ದ ದನಿ ಅದು. ಬೆಂಚಿನ ಮೇಲೆ ಕೂತ ಒಬ್ಬ ಹೆಂಗಸು ನನ್ನ ಸೆರಗು ಜಗ್ಗಿ, "ಬಾಯಾರ ಮನ್ಯಾಗ ಯಾರರೆ ತೀರಿಕೊಂಡಾರೇನ್ರಿ?" ಎಂದು ಪರೀಕ್ಷೆಯ ಕೋಣೆಯ ಕಡೆ ಕಣ್ಣು ತೋರಿಸಿ ಮೆತ್ತಗೆ ಕೇಳಿದಳು.

ಒಳಗೆ ಆಕೆ ಒಬ್ಬ ಅಜ್ಜನ ಕಣ್ಣು ನೋಡುತ್ತಿದ್ದಳು. ಓದು ಬಾರದವರಿಗೆ ಗೋಡೆಯ ಮೇಲೆ ಒಂದು ಫಲಕ ಇರುತ್ತದೆ. ಇಂಗ್ಲಿಷಿನ ಇ ಅಕ್ಷರದಂಥ, ಮೂರು ಕಾಲಿನ ಒಂದೇ ಗುರುತು, ಸಾಲು ಸಾಲಾಗಿ, ಮೇಲೆ ದೊಡ್ಡದು, ಕೆಳಗೆ ಹೋದಂತೆ ಸಣ್ಣದು. ಕಾಲುಗಳು ಯಾವ ಕಡೆ ಇವೆ ಎಂದು ಕೈಮಾಡಿ ತೋರಿಸಬೇಕು. "ಕಾಲು ಯಾ ಕಡಿ ಅದಾವ ಹೇಳೋ ಯಜ್ಜಾ, ಹೊಲದಾಗಿನ ಹಕ್ಕಿ ಕಾಣತಾವ, ಇದು ಕಾಣೂದಿಲ್ಲೇನು?" ಎನ್ನುವುದು ಆಕೆಯ ರೂಢಿ. ಅಜ್ಜ ನಗುತ್ತ ಕೈಮಾಡುವುದು ಅವನ ರೂಢಿ. ಆ ದಿನ ಆಕೆ ಕೈಕಟ್ಟಿಕೊಂಡು ನಿಂತು, "ಗುರುತಿನ ಕಾಲುಗಳು ಯಾವ ದಿಕ್ಕಿಗೆ ಇವೆ, ದಯವಿಟ್ಟು ತೋರಿಸಿರಿ" ಎಂದಳು. ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಅಜ್ಜ ಕಣ್ಣು ಪಿಳುಕಿಸಿ ಮಗನ ಕಡೆ ತಿರುಗಿದ. "ಏನಂತಾಳೋ ಈಕಿ? ನನ್ನ ಕಣ್ಣು ಹೋದೂ ಅಂತಾಳೇನು?"

ನನ್ನನ್ನು ಕಂಡು ಆಕೆ ಕುರ್ಚಿ ಸರಿಸಿದಳು. "ಕುಂದರ್ರಿ ಮೇಡಂ," ಎಂದಳು.

ಮೇಡಂ. ಮೂರು ವರ್ಷದಲ್ಲಿ ಒಮ್ಮೆಯೂ ಆಕೆಯ ಬಾಯಲ್ಲಿ ಬಾರದ ಮಾತು ಅದು. ಬೆಂಚು ಖಾಲಿಯಾಗುವ ತನಕ ನಾನು ಆ ಕುರ್ಚಿಯ ತುದಿಯಲ್ಲಿ ಕೂತೆ. ಡಬ್ಬಿಯ ಹೊತ್ತಾಯಿತು, ಡಬ್ಬಿ ಚೀಲದಿಂದ ಹೊರಗೆ ಬರಲಿಲ್ಲ. ಹಾಳೆ ಎಲ್ಲಿ ಎಂದು ಕೇಳಿದೆ. ಹೊರ್ತಿಯಲ್ಲಿ ಮಾವನ ಹತ್ತಿರ ಇದೆ ಎಂದಳು. ಹೊಲದ ಗಡಿ ಅಳತೆಯ ಕೆಲಸಕ್ಕೆ ವರ್ಷಗಟ್ಟಲೆ ತಾಲೂಕು ಕಚೇರಿಗೆ ಅಲೆದವರು ಆ ಮಾವ. ಅವರ ಮನೆಗೆ ಬಂದ ಕಾಗದಗಳಲ್ಲಿ 'ಸದರಿ', 'ಕಂಡುಬಂದಿದ್ದು', 'ತಕ್ಕದ್ದು' ಎಂದು ಇದ್ದದ್ದೆಲ್ಲ ನೋಟೀಸುಗಳೇ. ಇದನ್ನೂ ಅವರು ಹಾಗೇ ಓದಿದ್ದಾರೆ.

"ಕೆಲಸದಿಂದ ತಗಿಯೂಕಿಂತ ಮದ್ಲ ಹಿಂಗ ಒಂದು ಬರದ ಇಡತಾರ ಅಂದ್ರು ಮಾವಾರು," ಎಂದಳು. "ಅವರ ತಗಿಯೂದರಾಗ ನೀನಽ ಬಿಟ್ಟ ಬಾ, ಮರ್ಯಾದಿ ಉಳೀತೈತಿ ಅಂದ್ರು. ಈ ತಿಂಗಳ ಮುಗಸಿ ಬಿಡತೇನಿ ಮೇಡಂ. ಅಲ್ಲೀ ಮಟಾ ಸಂಯಮಲೇ ಇರತೇನಿ."

ನೋಟೀಸಲ್ಲ ಅದು, ಬರಿಯ ಅಭಿಪ್ರಾಯ, ಪ್ರತಿ ವರ್ಷ ಬರೆಯುವುದೇ, ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ನಾನು ಬಡಬಡಿಸಿದೆ. ಆಕೆ ಕೇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡದೆ, ಟಾರ್ಚಿನ ಗಾಜು ಒರೆಸುತ್ತ ಹೇಳಿದಳು: "ನಡವಳಿಕಿ ಅಂತ ಬರದೀರಿ. ಹೆಣಮಗಳ ನಡವಳಿಕಿ ತಿದ್ದಕೋಬೇಕು ಅಂತ ಹಾಳ್ಯಾಗ ಬಂದ್ರ ಮನ್ಯಾಗ ಏನಂತಾರ, ನೀವಽ ಹೇಳ್ರಿ. ಮೂರು ವರ್ಷ ನನ್ನ ಜೋಡಿ ಕುಂತು ರೊಟ್ಟಿ ತಿಂದೀರಿ. ಒಂದಿನಾ ಬಾಯಿಲೆ ಅನಲಿಲ್ಲ."

ಎಂ.ಎ. ಕನ್ನಡದ ಒಂದು ಪದವೂ ಸಹಾಯಕ್ಕೆ ಬರಲಿಲ್ಲ. ಆ ಅಜ್ಜಿಯ ಸಂಗತಿ ಆಗ ಹೇಳಿದೆ. ಅವಳ ಮಗ ಫೋನು ಮಾಡಿದ್ದು, ಅವಳು ಮತ್ತೆ ಬಾರದೆ ಹೋದದ್ದು. ಆಕೆಯ ಕೈ ನಿಂತಿತು. ಆ ಅಜ್ಜಿ ವಿಜಯಪುರಕ್ಕೇ ಹೋಗಿ ತೋರಿಸಿಕೊಂಡಿದ್ದಾಳೆ ಎಂದು ತಾನು ಅಂದುಕೊಂಡಿದ್ದೆ ಎಂದಳು. ಎಷ್ಟು ದಿನದ ಮೇಲೆ ಹೇಳುತ್ತಿದ್ದೀರಿ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹಾಳೆ ವಾಪಸು ತೆಗೆದುಕೊಳ್ಳುತ್ತೇನೆ, ಬೇರೆ ಬರೆಯುತ್ತೇನೆ, ಸಹಿ ಆಗಿಲ್ಲವಾದ್ದರಿಂದ ಅದು ಎಲ್ಲಿಗೂ ಹೋಗಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ನಾಚಿಕೆಯಾದಾಗ ಮನುಷ್ಯ ಬೆಣ್ಣೆ ಹಚ್ಚುತ್ತಾನೆ. ಮನೆಗೆ ಬಂದವಳೇ ಕೂತು ಬರೆದೆ: 'ಇವರ ಸೇವಾಭಾವ ಮತ್ತು ಕಳಕಳಿ ಎಲ್ಲರೂ ಮೆಚ್ಚುವಂಥದ್ದು. ಮಾತಿನಲ್ಲಿ ಇನ್ನಷ್ಟು ಮಾಧುರ್ಯ ಬೆರೆತರೆ ಬಂಗಾರಕ್ಕೆ ಸುವಾಸನೆ ಬಂದಂತೆ.' ಬಹಳ ಮರ್ಯಾದೆಯ ಮಾತು, ಇದಕ್ಕೆ ಯಾರ ಮಾವನೂ ಬೇಜಾರಾಗಲಾರ ಎಂದುಕೊಂಡೆ. ಎರಡು ದಿನ ಬಿಟ್ಟು, ಸರದಿ ಇಲ್ಲದಿದ್ದರೂ, ನಾನೇ ಇಂಡಿಗೆ ಒಯ್ದೆ.

ಆಕೆ ಓದಿದಳು. ಮತ್ತೊಮ್ಮೆ ಓದಿದಳು. "ಚಲೋ ಐತ್ರಿ," ಎಂದಳು. "ಖರೆ ಇದರಾಗ ನಾ ಏನ ಮಾಡಬೇಕಂತ ಐತಿ?"

ಏನೂ ಇರಲಿಲ್ಲ. ಮೊದಲನೆಯದರಲ್ಲಿ ನಾನು ಸರ್ಕಾರದ ಹಿಂದೆ ಅಡಗಿದ್ದೆ, ಇದರಲ್ಲಿ ಸಕ್ಕರೆಯ ಹಿಂದೆ. ಅಜ್ಜಿ ಎದ್ದು ಹೋದದ್ದು ಎರಡರಲ್ಲೂ ಇರಲಿಲ್ಲ. ಇದನ್ನು ಓದಿ ಸಮಿತಿ ಏನು ತಿಳಿದುಕೊಳ್ಳಬೇಕು, ಮುಂದಿನ ವರ್ಷ ಮತ್ತೊಬ್ಬ ಅಜ್ಜಿ ಎದ್ದು ಹೋದರೆ ನಿನಗೆ ಹೇಳಿದ್ದೆನಲ್ಲ ಎಂದು ನಾನು ಯಾವ ಮುಖದಿಂದ ಅನ್ನಬೇಕು? ಅದನ್ನು ಹರಿದು ಚೀಲಕ್ಕೆ ಹಾಕಿಕೊಂಡೆ. ಖಾಲಿ ಹಾಳೆ ತೆಗೆದು, ಡಾಕ್ಟರು ಮೊದಲೇ ಹೇಳಿದ್ದಂತೆ, ಆಕೆಯನ್ನು ಎದುರಿಗೆ ಕೂಡಿಸಿಕೊಂಡೆ.

ಮೊದಲು ಬಾಯಲ್ಲಿ ಹೇಳಿದೆ. "ಯವ್ವಾ, ಮಂದಿ ಮುಂದ ಗದರಬ್ಯಾಡ. ಒಳಗ ಕರದು ಹೇಳು. ಗದರಿಸಿಕೊಂಡವರು ಮತ್ತ ಬರೂದಿಲ್ಲ, ಕಣ್ಣು ಹೋಗೂದು ಅವರದು." ಇಷ್ಟೇ. ರೊಟ್ಟಿ ಮುರಿಯುತ್ತ ಯಾವತ್ತೋ ಅನ್ನಬಹುದಾಗಿದ್ದ ಮಾತು. ಆಕೆ ತಲೆಯಾಡಿಸಿ, ಹೌದ್ರಿ ಎಂದಳು. ಅದರಲ್ಲಿ ಕೋಪ ಇರಲಿಲ್ಲ.

ಆಮೇಲೆ ಆ ಮಾತನ್ನೇ ಹಾಳೆಗೆ ಇಳಿಸಲು ಕೂತೆ. ಸುಲಭವಾಗಲಿಲ್ಲ. 'ಬೈಯುತ್ತಾರೆ' ಎಂದು ಬರೆದರೆ ಜಗಳಗಂಟಿ ಅನ್ನಿಸುತ್ತದೆ. 'ಏರುದನಿಯಲ್ಲಿ ಮಾತನಾಡುತ್ತಾರೆ' ಎಂದರೆ ಪತ್ರಿಕೆಯಲ್ಲಿ ಸಭೆಯ ಗದ್ದಲದ ಸುದ್ದಿ ಓದಿದಂತಿರುತ್ತದೆ, ಅಷ್ಟಕ್ಕೂ ಇಂಡಿಯಲ್ಲಿ ಯಾರ ದನಿ ಏರಿಲ್ಲ? 'ಗದರುತ್ತಾರೆ' ಎಂದಾಗ ಸರಿಹೋಯಿತು. ಅವ್ವ ಗದರುತ್ತಾಳೆ, ಅಜ್ಜ ಗದರುತ್ತಾನೆ, ಅದರಲ್ಲಿ ತಪ್ಪೂ ಇದೆ, ಕಾಳಜಿಯೂ ಇದೆ. ಆಕೆಯೂ ಅದಕ್ಕೆ ಒಪ್ಪಿದಳು. 'ನಡವಳಿಕೆ' ತೆಗೆದುಹಾಕಿದೆ, ಇಡೀ ವ್ಯಕ್ತಿಯ ಮೇಲೆ ಬೀಳುವ ಮಾತು ಅದು. ತಿದ್ದಬೇಕಾದದ್ದು ಒಂದು ಅಭ್ಯಾಸ ಮಾತ್ರ. 'ಸದರಿಯವರು' ಹೋಗಿ 'ಇವರು' ಬಂದರು. 'ಕಂಡುಬಂದಿದ್ದು' ಹೋಗಿ 'ನಾನು ನೋಡಿದ್ದೇನೆ' ಬಂತು. ಅದನ್ನು ಬರೆಯುವಾಗ ಪೆನ್ನು ತಡೆಯಿತು, ಯಾಕೆಂದರೆ ನೋಡಿಯೂ ಸುಮ್ಮನಿದ್ದೆ ಎಂದು ಅದು ಹೇಳುತ್ತದೆ. ಕೊನೆಗೆ ಹಾಳೆಯಲ್ಲಿ ನಿಂತದ್ದು ಇದು:

'ಕಣ್ಣು ಪರೀಕ್ಷೆಯಲ್ಲಿ ಇವರ ಕೈ ನಂಬಬಹುದಾದ ಕೈ. ಹೇಳಿದ ದಿನ ಬಾರದ ರೋಗಿಗಳನ್ನು ಎಲ್ಲರ ಎದುರು ಗದರುವುದನ್ನು ನಾನು ನೋಡಿದ್ದೇನೆ. ಅದು ಕಾಳಜಿಯಿಂದ ಬಂದದ್ದು. ಆದರೂ ಒಬ್ಬ ಅಜ್ಜಿ ಬೇಜಾರಾಗಿ ಚಿಕಿತ್ಸೆ ಬಿಟ್ಟು ಹೋದರು. ಇಂಥ ಮಾತನ್ನು ಒಳಗೆ ಕರೆದು ಹೇಳಬೇಕು. ಈ ವಿಷಯವನ್ನು ನಾನು ಇವರಿಗೆ ಮೊದಲೇ ತಿಳಿಸಬೇಕಿತ್ತು, ತಿಳಿಸಿರಲಿಲ್ಲ.'

ಕೊನೆಯ ವಾಕ್ಯ ಬೇಡ ಎಂದು ಮನಸ್ಸು ಹೇಳುತ್ತಿತ್ತು. ಬರೆದು ಬಿಟ್ಟೆ. ಆಕೆ ಓದಿ ಸಹಿ ಮಾಡಿದಳು. ತನ್ನ ಕಾಲಮಿನಲ್ಲಿ 'ಒಪ್ಪಿದ್ದೇನೆ, ಹಾಗೆ ಮಾಡುತ್ತೇನೆ' ಎಂದು ಬರೆದಳು. ಕೆಲಸ ಬಿಡುವ ಮಾತು ಮತ್ತೆ ಎತ್ತಲಿಲ್ಲ. ಮುಂದೆ ಸಮಿತಿ ಆಕೆಯ ಕೆಲಸ ನವೀಕರಿಸಿತು. ಆ ಅಜ್ಜಿಯ ಮನೆಗೆ ಆಕೆಯೇ ಹೋಗಿ, ಅಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣು ನೋಡಿ ಬಂದಳಂತೆ. ಇದನ್ನು ನನಗೆ ಹೇಳಿದವನು ಅಜ್ಜಿಯ ಮಗ, ಆಕೆಯಲ್ಲ.

ನನ್ನ ಹಾಳೆಯ ಸರದಿ ಅದಾದ ಮೇಲೆ ಬಂತು. ಮೇಲ್ವಿಚಾರಕರ ಬಗ್ಗೆ ಬರೆಯುವವರು ದೊಡ್ಡ ಡಾಕ್ಟರು. ನಾನು ಇಂಡಿಯಲ್ಲಿದ್ದ ದಿನವೇ ಗಾಡಿ ಬಂತು. ಲಕೋಟೆ ಇಸಿದುಕೊಂಡು ನನ್ನ ಕೈಗೆ ಕೊಟ್ಟವಳು ಆಕೆ. ಬೆಂಚಿನ ತುದಿಯಲ್ಲಿ ಕೂತು ಬಿಚ್ಚಿದೆ. ಪಾಪ, ಡಾಕ್ಟರಿಗೆ ಕನ್ನಡ ಬರೆಯುವುದೆಂದರೆ ತ್ರಾಸು. ನಾನು ಕೊಟ್ಟ ಮಾದರಿಯನ್ನು ನಂಬಿ, ಹೊಂದುವ ವಾಕ್ಯಗಳನ್ನು ಅದರಿಂದಲೇ ಎತ್ತಿ ಬರೆದಿದ್ದರು. 'ಸದರಿಯವರ ಕಾರ್ಯವೈಖರಿ ತೃಪ್ತಿಕರವಾಗಿರುತ್ತದೆ. ಸಿಬ್ಬಂದಿಯೊಡನೆ ಸಮಾಲೋಚನೆ ನಡೆಸುವಲ್ಲಿ ಲೋಪ ಕಂಡುಬಂದಿದ್ದು, ಸರಿಪಡಿಸಿಕೊಳ್ಳತಕ್ಕದ್ದು.'

ನನ್ನದೇ ವಾಕ್ಯ. ಇಂಡಿಯ ಹಾಳೆಯ ಕೊನೆಯ ಸಾಲಿನಲ್ಲಿ ಆ ಲೋಪವನ್ನು ಅವರಿಗೆ ಬರೆದು ತಿಳಿಸಿದವಳೂ ನಾನೇ. ಆದರೂ ಮತ್ತೊಮ್ಮೆ ಓದಿದೆ. ಕೆಲಸಕ್ಕೆ ಕುತ್ತು ಬಂತೇ? ಇದು ಪಾಸೋ ನಪಾಸೋ? ಇಪ್ಪತ್ತು ವರ್ಷ ಕನ್ನಡ ಓದಿ ಬರೆದವಳಿಗೆ ಅದು ತಿಳಿಯಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಕೇಳಲೂ ನಾಚಿಕೆ. ಹಾಳೆ ಹಿಡಿದುಕೊಂಡು ಹಾಗೇ ಕೂತಿದ್ದೆ.

ಆಕೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಏನಾಯಿತ್ರಿ ಅಕ್ಕಾರ ಎಂದು ಕೇಳುತ್ತಾಳೆ, ಇಬ್ಬರೂ ನಗುತ್ತೇವೆ, ಡಬ್ಬಿ ಹೊರಗೆ ಬರುತ್ತದೆ ಎಂದು ಕಾಯ್ದೆ. ಆಕೆ ಒಳಗೆ ಹೋಗಿ ಒಂದು ಗ್ಲಾಸು ನೀರು ತಂದಳು. ಬೆಂಚಿನಲ್ಲಿ ನಾಲ್ಕು ಜನ ರೋಗಿಗಳಿದ್ದರು, ಅವರಿಗೆ ಕೇಳಿಸದಂತೆ ಬಗ್ಗಿ ಮೆಲ್ಲಗೆ ಹೇಳಿದಳು.

"ಇಲ್ಲಿ ಬ್ಯಾಡ, ಒಳಗ ಬಂದು ಓದ್ರಿ ಮೇಡಂ."